‘ತಜ್ಞರನ್ನು ಸಂಪರ್ಕಿಸಿ’ ಎಂದರೆ ಸಾಲದು: ಎಚ್ಚರಿಕೆಯ ಮಾತನ್ನು ನಾವು ಬರೆಯುವ ಬಗೆ

ಕನ್ನಡದಲ್ಲಿ ಆರೋಗ್ಯ, ಕಾನೂನು, ಹಣಕಾಸಿನ ಸಲಹೆ ಕೊಡುವ ತಾಣಗಳ ಕೆಳತುದಿಯಲ್ಲಿ ‘ಹಕ್ಕು ನಿರಾಕರಣೆ’ ಎಂಬ ತಲೆಬರಹ ಕಾಣುತ್ತದೆ. ಡಿಸ್‌ಕ್ಲೈಮರ್ ಎಂಬ ಪದವನ್ನು ಮುರಿದು ಒಂದೊಂದು ತುಂಡಿಗೆ ಒಂದೊಂದು ಕನ್ನಡ ಪದ ಇಟ್ಟು ಮಾಡಿದ ಮಾತು ಅದು. ಓದಿದವರಿಗೆ ಯಾರದೋ ಹಕ್ಕನ್ನು ಯಾರೋ ಕೊಡೆವು ಎನ್ನುತ್ತಿರುವ ಹಾಗೆ ಕೇಳುತ್ತದೆ. ಇನ್ನು ಕೆಲವರು ‘ಹಕ್ಕುತ್ಯಾಗ’ ಎಂದು ಹಾಕುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಪತ್ರಬರಹಗಾರರ ಬಳಿ ಆ ಮಾತು ಆಡಿದರೆ, ಅಕ್ಕತಂಗಿಯರು ತವರಿನ ಆಸ್ತಿಯಲ್ಲಿ ಪಾಲು ಬಿಟ್ಟುಕೊಡುವ ಪತ್ರ ಬೇಕೇನೋ ಎಂದು ಕೇಳಿಯಾರು. ನಾವು ಆ ಎರಡನ್ನೂ ಬಿಟ್ಟಿದ್ದೇವೆ. ತಲೆಬರಹ ಬೇಕೇ ಬೇಕಾದ ಕಡೆ ‘ಇದನ್ನು ನಂಬಿ ಮುಂದುವರಿಯುವ ಮೊದಲು’ ಎಂದು ಬರೆಯುತ್ತೇವೆ. ಬಹಳ ಕಡೆ ತಲೆಬರಹವೇ ಬೇಕಾಗುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಇಂಥದೇ ಒಂದು ಸಲಹೆಯ ತಾಣಕ್ಕೆ ನಾವು ಬರೆಯುವುದು ಚಿಕ್ಕಮಗಳೂರಿನಲ್ಲಿ ಕೂತು. ಓದುವವರು ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಸಣ್ಣ ಬೆಳೆಗಾರರು, ತೋಟದ ಕೆಲಸದವರು, ನಿವೃತ್ತ ಮೇಷ್ಟರು. ಹೆಚ್ಚಿನವರು ಓದುವುದು ಫೋನಿನಲ್ಲಿ. ಹಿಡಿಸಿದ ಪ್ಯಾರಾವನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ನಮ್ಮ ಕ್ರಮವೆಲ್ಲ ಹುಟ್ಟಿದ್ದು ಈ ಒಂದು ಸಂಗತಿಯಿಂದ: ಪುಟದ ಕೊನೆಯಲ್ಲಿ ಬರೆದ ಎಚ್ಚರಿಕೆ ಸ್ಕ್ರೀನ್‌ಶಾಟಿನ ಜೊತೆ ಹೋಗುವುದಿಲ್ಲ. ವಾಕ್ಯವೊಂದೇ ಹೋಗುತ್ತದೆ. ಹಾಗಾಗಿ ಆ ವಾಕ್ಯದ ಮಿತಿ ಆ ವಾಕ್ಯದೊಳಗೇ ಇರಬೇಕು, ಹೆಚ್ಚೆಂದರೆ ಅದರ ಬೆನ್ನಿಗೇ ಬರಬೇಕು.

ಇದು ನಮ್ಮದೇ ಕಲ್ಪನೆಯೇನಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯೂ ಅದೇ ಭಾಷೆಯಲ್ಲಿರಬೇಕು, ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು, ಮುಖ್ಯ ಮಾಹಿತಿಯನ್ನು ಮುಚ್ಚಿಡಲು ಅಥವಾ ದಾರಿತಪ್ಪಿಸುವ ಮಾತನ್ನು ತಿದ್ದಲು ಅದನ್ನು ಬಳಸಬಾರದು ಎಂದು ಅದರಲ್ಲಿದೆ. ಸಲಹೆಯ ಬರಹ ಜಾಹೀರಾತಲ್ಲದಿದ್ದರೂ ಅಳತೆಗೋಲು ಚೆನ್ನಾಗಿದೆ. ಮೇಲೆ ಪೂರ್ತಿ ಕನ್ನಡದ ಬರಹ, ಕೆಳಗೆ ಇಂಗ್ಲಿಷಿನ ಸಣ್ಣಕ್ಷರದ ಎಚ್ಚರಿಕೆ ಹಾಕುವವರು ಈ ಅಳತೆಯಲ್ಲಿ ಮೊದಲ ಹೆಜ್ಜೆಗೇ ಬೀಳುತ್ತಾರೆ.

ಕ್ರಮ ಹೇಗೆಂದು ಒಂದು ಬರಹವನ್ನೇ ಬಿಡಿಸಿ ತೋರಿಸುತ್ತೇನೆ. ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ ಅದನ್ನು ಎಲ್ಲಿ ಇಡುವುದು ಎಂಬ ವಿಷಯ. ಕರಡಿನಲ್ಲಿ ಹೀಗಿತ್ತು ಎಂದುಕೊಳ್ಳಿ: “ನಿಮ್ಮ ಠೇವಣಿಗೆ ಐದು ಲಕ್ಷದವರೆಗೆ ಸರ್ಕಾರದ ವಿಮೆ ಇದೆ, ಹೆದರಬೇಕಿಲ್ಲ.” ಪುಟದ ಕೊನೆಯಲ್ಲಿ: “ಈ ಬರಹ ಮಾಹಿತಿಗಾಗಿ ಮಾತ್ರ. ಹೂಡಿಕೆಗೆ ಮುನ್ನ ತಜ್ಞರನ್ನು ಸಂಪರ್ಕಿಸಿ.” ಬರೆದವರ ಮನಸ್ಸಿನಲ್ಲಿ ಮೋಸವಿಲ್ಲ. ಆದರೂ ಇದನ್ನು ನಂಬಿದವರಲ್ಲಿ ಯಾರು ಏನು ಕಳೆದುಕೊಳ್ಳಬಹುದು ಎಂದು ನೋಡಿ.

ಠೇವಣಿ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಧೀನದಲ್ಲಿರುವ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ. ಅದು ವಿಮೆ ಮಾಡುವುದು ಬ್ಯಾಂಕುಗಳಿಗೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಡಿಸಿಸಿ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು ಇದರಲ್ಲಿ ಬರುತ್ತವೆ. ನಮ್ಮೂರಿನ ವ್ಯವಸಾಯ ಸೇವಾ ಸಹಕಾರ ಸಂಘ, ಪತ್ತಿನ ಸಹಕಾರ ಸಂಘ, 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿಯಾದ ಸೌಹಾರ್ದ ಪತ್ತಿನ ಸಹಕಾರಿ ಇದರಲ್ಲಿ ಬರುವುದಿಲ್ಲ. ನಿಧಿ ಕಂಪನಿ, ಫೈನಾನ್ಸ್ ಕಂಪನಿಗಳೂ ಇಲ್ಲ. ಆದರೆ ಊರಿನಲ್ಲಿ ಇವನ್ನೆಲ್ಲ ಜನ ಕರೆಯುವುದು ‘ಬ್ಯಾಂಕ್’ ಎಂದೇ. ಪಾಸ್‌ಬುಕ್ಕು ಇದೆ, ಕೌಂಟರು ಇದೆ, ಬಡ್ಡಿ ಅರ್ಧದಿಂದ ಒಂದು ಪರ್ಸೆಂಟ್ ಜಾಸ್ತಿಯೂ ಇರಬಹುದು. ನಮ್ಮ ವಾಕ್ಯ ಓದಿದವರು ನೇರವಾಗಿ ಅಲ್ಲಿ ದುಡ್ಡಿಟ್ಟು ವಿಮೆಯಿದೆ ಎಂದು ನೆಮ್ಮದಿಯಾಗಿ ಕೂರುತ್ತಾರೆ. ವಾಕ್ಯದಲ್ಲಿ ಸುಳ್ಳಿಲ್ಲ, ಅವರ ಮಟ್ಟಿಗೆ ಮಾತ್ರ ಅದು ಸುಳ್ಳಾಯಿತು. ಕೊನೆಯಲ್ಲಿ ಬರೆದ ‘ತಜ್ಞರನ್ನು ಸಂಪರ್ಕಿಸಿ’ ಎಂಬ ಸಾಲು ಅವರನ್ನು ತಡೆಯಲಾರದು. ಹೆದರಬೇಕಿಲ್ಲ ಎಂದು ನಾವೇ ಹೇಳಿದ ಮೇಲೆ ತಜ್ಞರನ್ನು ಹುಡುಕಿಕೊಂಡು ಅವರೇಕೆ ಹೋಗಬೇಕು?

ಎರಡನೆಯ ತೊಡಕು ಲೆಕ್ಕದ್ದು. ಐದು ಲಕ್ಷ ಎನ್ನುವುದು ಒಂದು ರಸೀದಿಗಲ್ಲ. ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿಗೆ, ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಎರಡೂ ಸೇರಿ. ಒಬ್ಬರು ಒಂದೇ ಬ್ಯಾಂಕಿನ ಮೂಡಿಗೆರೆ ಶಾಖೆಯಲ್ಲಿ 4,80,000, ಚಿಕ್ಕಮಗಳೂರು ಶಾಖೆಯಲ್ಲಿ 1,50,000 ಇಟ್ಟಿದ್ದರೆ ಒಟ್ಟು 6,30,000. ವಿಮೆ ಸಿಗುವುದು 5,00,000ಕ್ಕೆ. ಉಳಿದ 1,30,000 ಮತ್ತು ಅದುವರೆಗಿನ ಬಡ್ಡಿ ವಿಮೆಯ ಹೊರಗೆ. ಬೇರೆ ಬೇರೆ ಶಾಖೆಯಲ್ಲಿ ಇಟ್ಟರೆ ಕ್ಷೇಮ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿರುವುದರಿಂದ ಈ ಲೆಕ್ಕವನ್ನು ಅಂಕಿಯಲ್ಲೇ ಬರೆದು ತೋರಿಸುತ್ತೇವೆ. ‘ಷರತ್ತುಗಳು ಅನ್ವಯ’ ಎಂಬ ಮಾತು ಯಾರ ತಲೆಯೊಳಗೂ ಹೋಗುವುದಿಲ್ಲ. 1,30,000 ಎಂಬ ಅಂಕಿ ಹೋಗುತ್ತದೆ.

ಮೂರನೆಯದು ‘ಹೆದರಬೇಕಿಲ್ಲ’. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದರೆ ವಿಮೆಯ ಹಣ ಮರುದಿನವೇ ಕೈಗೆ ಬರುವುದಿಲ್ಲ. 2021ರ ತಿದ್ದುಪಡಿಯ ಪ್ರಕಾರ ಅದಕ್ಕೆ 90 ದಿನಗಳ ಗಡುವಿದೆ. ಮಗಳ ಮದುವೆಗೆಂದು ಇಟ್ಟ ಹಣವಾದರೆ ಆ ಮೂರು ತಿಂಗಳು ಸಣ್ಣ ಮಾತಲ್ಲ. ಹೆದರಬೇಡಿ, ನಿಶ್ಚಿಂತೆಯಿಂದಿರಿ, ನೂರಕ್ಕೆ ನೂರು, ಖಂಡಿತ ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ ತೆಗೆಯುವುದೇ ನಮ್ಮ ಮೊದಲ ಕೆಲಸ. ಇಂಥ ಒಂದು ಪದ ತೆಗೆದರೆ ಎಚ್ಚರಿಕೆಯ ಎರಡು ಸಾಲು ಬರೆಯುವ ಕೆಲಸ ತಾನಾಗಿ ಉಳಿಯುತ್ತದೆ.

ಕೊನೆಗೆ ಬರಹದಲ್ಲಿ ನಿಂತದ್ದು ಇದು: “ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳ ಅಸಲು ಬಡ್ಡಿ ಸೇರಿಸಿ, ಐದು ಲಕ್ಷದವರೆಗೆ ವಿಮೆ ಇದೆ. ಸೌಹಾರ್ದ ಪತ್ತಿನ ಸಹಕಾರಿ, ಪತ್ತಿನ ಸಂಘ, ವ್ಯವಸಾಯ ಸೇವಾ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ನೀವು ದುಡ್ಡಿಟ್ಟ ಸಂಸ್ಥೆಯ ಪೂರ್ತಿ ಹೆಸರನ್ನು ರಸೀದಿಯಲ್ಲಿ ನೋಡಿ, ಡಿಐಸಿಜಿಸಿ ತಾಣದಲ್ಲಿರುವ ವಿಮೆ ಪಡೆದ ಬ್ಯಾಂಕುಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ಹುಡುಕಿ.” ಇದರಲ್ಲಿ ಎಚ್ಚರಿಕೆ ಎಂಬ ಪದವೇ ಇಲ್ಲ, ಪ್ರತ್ಯೇಕ ಚೌಕವೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದರೂ ಮಿತಿ ಜೊತೆಗೇ ಹೋಗುತ್ತದೆ. ಇಲ್ಲಿ ಒಂದು ಜಾಗ್ರತೆ ಬೇಕು. ಸಂಘದಲ್ಲಿ ದುಡ್ಡಿಡುವುದು ಅಪಾಯ ಎಂದು ನಾವು ಬರೆಯುವುದಿಲ್ಲ, ಅದು ನಮಗೆ ಗೊತ್ತಿರುವ ವಿಷಯವಲ್ಲ. ಈ ವಿಮೆ ಇಲ್ಲ ಎಂಬುದು ಗೊತ್ತು, ಅಷ್ಟನ್ನೇ ಬರೆಯುತ್ತೇವೆ. ಗೊತ್ತಿರುವುದಕ್ಕಿಂತ ಹೆಚ್ಚು ಹೆದರಿಸುವುದೂ ದಾರಿತಪ್ಪಿಸಿದಂತೆಯೇ.

ಹಾಗೆಂದು ಪ್ರತಿ ವಾಕ್ಯಕ್ಕೂ ಮಿತಿ ಕಟ್ಟುತ್ತಾ ಹೋದರೆ ಬರಹ ಓದುವಂತಿರುವುದಿಲ್ಲ. ಎಲ್ಲಿ ಕಟ್ಟಬೇಕು ಎಂದು ಆರಿಸಲು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇವೆ: ಈ ವಾಕ್ಯವನ್ನು ಹೇಳಿದ ಹಾಗೇ ಪಾಲಿಸಿದರೆ, ಮತ್ತೆ ಸಿಗದಂಥದ್ದನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ? ಮತ್ತೆ ಸಿಗದವು ಮೂರು. ಪ್ರಾಣ ಅಥವಾ ಅಂಗ, ಕಾನೂನಿನ ಗಡುವು, ಕೂಡಿಟ್ಟ ಅಸಲು. ಇವುಗಳಲ್ಲಿ ಒಂದಕ್ಕಾದರೂ ತಗಲುವ ವಾಕ್ಯಕ್ಕೆ ಮಿತಿ ಕಡ್ಡಾಯ. ಉಳಿದವಕ್ಕೆ ಬೇಡ. ಶುಂಠಿ ಕಷಾಯ ಹೇಗೆ ಕಾಯಿಸುವುದು ಎಂಬ ಸಾಲಿಗೆ ‘ವೈದ್ಯರನ್ನು ಕೇಳಿ’ ಎಂದು ಬರೆದರೆ, ನಿಜವಾಗಿ ವೈದ್ಯರನ್ನು ಕೇಳಲೇಬೇಕಾದ ಸಾಲನ್ನೂ ಜನ ಹಾರಿಸಿ ಓದುತ್ತಾರೆ. ಸಾಮಾನ್ಯವಾಗಿ ಒಂದು ಬರಹದಲ್ಲಿ ಇಂಥ ಜಾಗ ಎರಡೋ ಮೂರೋ ಸಿಗುತ್ತವೆ. ಏಳೆಂಟು ಸಿಕ್ಕರೆ ಸಮಸ್ಯೆ ಎಚ್ಚರಿಕೆಯದ್ದಲ್ಲ, ಆ ವಿಷಯವನ್ನು ಆ ರೂಪದಲ್ಲಿ ಬರೆಯಲೇಬಾರದಿತ್ತು.

ಆರೋಗ್ಯದ ಬರಹದಲ್ಲಿ ಈ ಪ್ರಶ್ನೆ ಎಷ್ಟು ಹರಿತ ಎಂಬುದು ಜ್ವರದ ಬರಹದಲ್ಲಿ ಗೊತ್ತಾಗುತ್ತದೆ. ‘ಜ್ವರ ಬಂದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಚೆನ್ನಾಗಿ ನೀರು ಕುಡಿಯಿರಿ, ವಿಶ್ರಾಂತಿ ಮಾಡಿ, ಜ್ವರ ಇಳಿದರೆ ಗಾಬರಿ ಬೇಡ’ ಎನ್ನುವುದು ಎಲ್ಲರೂ ಬರೆಯುವ ಮಾತು. ಇದರಲ್ಲಿ ಮೊದಲ ಮೂರು ಸಲಹೆಗೆ ಬೇಕಾದ ಮಿತಿ ಚಿಕ್ಕದು. ಪ್ಯಾರಾಸಿಟಮಾಲ್ ನೆಗಡಿ ಮಾತ್ರೆಯಲ್ಲೂ ಮೈಕೈ ನೋವಿನ ಮಾತ್ರೆಯಲ್ಲೂ ಬೇರೆ ಹೆಸರಿನಲ್ಲಿ ಇರುತ್ತದೆ. ಎರಡು ಮಾತ್ರೆ ಒಟ್ಟಿಗೆ ತೆಗೆದುಕೊಂಡವರಿಗೆ ದಿನದ ಪ್ರಮಾಣ ಮೀರಿ ಲಿವರ್‌ಗೆ ಪೆಟ್ಟಾಗಬಹುದು. ಆದ್ದರಿಂದ “ಮಾತ್ರೆಯ ಪಟ್ಟಿಯ ಹಿಂದೆ ಪ್ಯಾರಾಸಿಟಮಾಲ್ ಎಂದು ಬರೆದಿರುವ ಎರಡು ಬೇರೆ ಬೇರೆ ಮಾತ್ರೆಯನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಮೊದಲು ಡಾಕ್ಟರನ್ನು ಕೇಳಿ” ಎಂದು ಅಲ್ಲೇ ಹೇಳಬೇಕು.

ನಿಜವಾದ ಕಂಟಕ ನಾಲ್ಕನೆಯ ಮಾತು. ಡೆಂಗಿಯಲ್ಲಿ ಜ್ವರ ಶುರುವಾಗಿ ಮೂರರಿಂದ ಏಳು ದಿನದೊಳಗೆ ಜ್ವರ ಇಳಿಯುವ ಹೊತ್ತಿಗೇ ಕೆಲವರಿಗೆ ಅಪಾಯದ ಘಟ್ಟ ಶುರುವಾಗುತ್ತದೆ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು. ‘ಜ್ವರ ಇಳಿದರೆ ಗಾಬರಿ ಬೇಡ’ ಎಂದು ಓದಿದವರು ಆಸ್ಪತ್ರೆಗೆ ಹೋಗಬೇಕಾದ ಹೊತ್ತಿಗೇ ಮನೆಯಲ್ಲಿ ಉಳಿಯುತ್ತಾರೆ. ಈ ವಾಕ್ಯಕ್ಕೆ ಯಾವ ಎಚ್ಚರಿಕೆ ಅಂಟಿಸಿದರೂ ಸರಿಹೋಗದು, ವಾಕ್ಯವನ್ನೇ ತೆಗೆಯಬೇಕು. ಅದರ ಜಾಗದಲ್ಲಿ: “ಜ್ವರ ಇಳಿದ ಮೇಲೂ ಎರಡು ದಿನ ಗಮನಿಸಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಮಂಪರು, ಚಡಪಡಿಕೆ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಡಾಕ್ಟರು ಡೆಂಗಿ ಅಲ್ಲ ಎನ್ನುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಬೇಡ. ಅವು ರಕ್ತಸ್ರಾವ ಹೆಚ್ಚಿಸಬಹುದು.”

ಮಲೆನಾಡಿನ ಓದುಗರಿಗೆ ಇನ್ನೊಂದು ಸಾಲು ಸೇರಿಸುತ್ತೇವೆ, ಇದು ಬೆಂಗಳೂರಿನಲ್ಲಿ ಕೂತು ಬರೆದ ಬರಹದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಂಗನ ಕಾಯಿಲೆಯ ವೈರಸ್ಸನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಕಚ್ಚಿ ಹರಡುವ ಅದು ಒಣ ತಿಂಗಳುಗಳಲ್ಲಿ, ಕಾಡಂಚಿಗೆ ಸೌದೆಗೆ ಸೊಪ್ಪಿಗೆ ಹೋಗುವವರಿಗೆ ಹೆಚ್ಚು. ಶುರುವಿನಲ್ಲಿ ಮಾಮೂಲಿ ಜ್ವರದಂತೆಯೇ ಕಾಣುತ್ತದೆ. ಹಾಗಾಗಿ “ಹಿಂದಿನ ಎರಡು ವಾರದಲ್ಲಿ ಕಾಡಿಗೆ ಹೋಗಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ” ಎಂದು ಬರೆಯುತ್ತೇವೆ. ‘ವೈದ್ಯರನ್ನು ಸಂಪರ್ಕಿಸಿ’ ಎಂಬ ಸವೆದ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಯಾವಾಗ ಹೋಗಬೇಕು, ಯಾರ ಬಳಿ ಹೋಗಬೇಕು, ಹೋಗಿ ಏನು ಹೇಳಬೇಕು ಎಂಬ ಮೂರೂ ಇದ್ದರೆ ಮಾತ್ರ ಅದು ಓದುಗರ ಕೆಲಸಕ್ಕೆ ಬರುವ ಸಾಲು.

ತೆಗೆಯಲೇಬೇಕಾದ ವಾಕ್ಯಗಳ ಬಗ್ಗೆ ಇನ್ನೊಂದು ಮಾತು. ‘ಸಕ್ಕರೆ ಕಾಯಿಲೆ ಬುಡಸಮೇತ ವಾಸಿ’ ಎಂದು ಬರೆದು ಕೆಳಗೆ ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’ ಎಂದು ಹಾಕುವವರಿದ್ದಾರೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತನ್ನ ಪಟ್ಟಿಯಲ್ಲಿರುವ ರೋಗಗಳಿಗೆ ಔಷಧದ ಜಾಹೀರಾತನ್ನೇ ನಿಷೇಧಿಸುತ್ತದೆ, ಮಧುಮೇಹ ಆ ಪಟ್ಟಿಯಲ್ಲಿದೆ. ಮದ್ದು ಮಾರುವವರಿಗೆ ಕೆಳಗಿನ ಸಾಲು ರಕ್ಷೆಯಾಗದು. ಮಾರದೆ ಬರೀ ಬರೆಯುವವರಿಗೂ, ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರ ಮುಂದೆ ಆ ಸಾಲಿನಿಂದ ಏನೂ ಆಗದು.

ಕಾನೂನಿನ ಬರಹಕ್ಕೆ ಬರೋಣ. ಇಲ್ಲಿ ನಡೆಯುವ ಸಾಮಾನ್ಯ ತಪ್ಪೆಂದರೆ ವಕೀಲರ ಕಚೇರಿಗಳ ತಾಣದಿಂದ ಎಚ್ಚರಿಕೆಯನ್ನು ನಕಲು ಮಾಡುವುದು. ತಾಣ ತೆರೆದ ಕೂಡಲೇ ಎದ್ದುನಿಂತು ‘ನಾನು ಸ್ವಇಚ್ಛೆಯಿಂದ ಈ ಮಾಹಿತಿ ಕೋರುತ್ತಿದ್ದೇನೆ, ಇದು ಜಾಹೀರಾತಲ್ಲ’ ಎಂದು ಒಪ್ಪಿಗೆ ಕೇಳುವ ಪರದೆ ನೋಡಿರುತ್ತೀರಿ. ಅದು ಇರುವುದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಕಾರಣಕ್ಕೆ. ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯಬಾರದು ಎಂಬುದು ಆ ನಿಯಮ. ವಕೀಲಿ ಕಚೇರಿ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಹಾಕಿಕೊಂಡ ಮಾತನ್ನು ಮಾಹಿತಿ ತಾಣ ಹಾಕಿಕೊಂಡರೆ ಓದುಗರಿಗೆ ಒಂದು ಗುಂಡಿ ಒತ್ತುವ ಕೆಲಸ ಹೆಚ್ಚಾಯಿತೇ ಹೊರತು ಬೇರೇನೂ ಆಗದು.

ಓದುಗರಿಗೆ ಬೇಕಾದ್ದು ದಿನದ ಲೆಕ್ಕ. ಕಾಫಿ ಅಥವಾ ಮೆಣಸು ಕೊಂಡ ವ್ಯಾಪಾರಿ ಕೊಟ್ಟ ಚೆಕ್ಕು ವಾಪಸಾಯಿತು ಎಂದಿಟ್ಟುಕೊಳ್ಳಿ. ‘30 ದಿನದೊಳಗೆ ನೋಟಿಸ್ ಕಳಿಸಿ’ ಎಂದು ಬರೆದರೆ ಓದುವವರು ಎಣಿಸುವುದು ಚೆಕ್ಕಿನ ಮೇಲಿರುವ ತಾರೀಖಿನಿಂದ. ಚೆಕ್ಕು ವಾಪಸಾದ ಮಾಹಿತಿ ಬ್ಯಾಂಕಿನಿಂದ ನಮಗೆ ತಲುಪಿದ ದಿನದಿಂದ ಆ 30 ದಿನ. ಆ ಮೇಲೆ ನೋಟಿಸು ವ್ಯಾಪಾರಿಗೆ ತಲುಪಿದ ದಿನದಿಂದ 15 ದಿನ ಹಣ ಕೊಡಲು ಅವಕಾಶ. ಆಗಲೂ ಕೊಡದಿದ್ದರೆ ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು. ಮೂರು ಗಡುವಿಗೆ ಮೂರು ಬೇರೆ ಆರಂಭದ ದಿನ. ಇವನ್ನು ಬರಹದಲ್ಲಿ ಉದಾಹರಣೆಯ ತಾರೀಖು ಹಾಕಿಯೇ ತೋರಿಸುತ್ತೇವೆ: ಮಾರ್ಚ್ 3ಕ್ಕೆ ಬ್ಯಾಂಕಿನ ಚೀಟಿ ಕೈಗೆ ಬಂತು, ಏಪ್ರಿಲ್ 2ರೊಳಗೆ ನೋಟಿಸ್ ಹೋಗಬೇಕು. ಮಾರ್ಚ್ 20ಕ್ಕೆ ಅದು ವ್ಯಾಪಾರಿಗೆ ತಲುಪಿದರೆ ಏಪ್ರಿಲ್ 4ರವರೆಗೆ ಅವರಿಗೆ ಸಮಯ, ದೂರಿಗೆ ಅಲ್ಲಿಂದ ಒಂದು ತಿಂಗಳು. ಕೊನೆಯ ದಿನದವರೆಗೆ ಕಾಯಬೇಡಿ ಎಂಬ ಮಾತೂ ಇದರ ಬೆನ್ನಿಗೇ ಇರುತ್ತದೆ.

ಇಲ್ಲಿ ಎಚ್ಚರಿಕೆ ಬೇಕಾಗಿರುವುದು ಈಗಾಗಲೇ ತಡವಾದವರಿಗೆ. 35ನೇ ದಿನ ಈ ಬರಹ ಓದಿದವರು ಎಲ್ಲ ಮುಗಿಯಿತು ಎಂದು ಕೈಚೆಲ್ಲಿ ಕೂತರೆ ನಮ್ಮ ನಿಖರವಾದ ಮಾಹಿತಿಯೇ ಅವರನ್ನು ಮುಳುಗಿಸಿದಂತೆ. ಚೆಕ್ಕಿಗೆ ಮೂರು ತಿಂಗಳ ಆಯುಸ್ಸಿರುತ್ತದೆ. ಅದು ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ ಹೊಸದಾಗಿ ನೋಟಿಸ್ ಕೊಡಲು ದಾರಿ ಇರಬಹುದು. ದೂರು ತಡವಾದುದಕ್ಕೆ ತಕ್ಕ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ಇದ್ಯಾವುದೂ ಆಗದಿದ್ದರೂ ಹಣ ವಸೂಲಿಗೆ ಸಿವಿಲ್ ದಾವೆ ಬೇರೆಯೇ ಇದೆ. ಹಾಗಾಗಿ ಗಡುವು ಹೇಳಿದ ಪ್ಯಾರಾದಲ್ಲೇ “ದಿನ ಮೀರಿದ್ದರೂ ಕೈಬಿಡಬೇಡಿ, ಚೆಕ್ಕು, ಬ್ಯಾಂಕಿನ ಚೀಟಿ, ಮಾಲು ಕೊಟ್ಟ ರಸೀದಿ ಹಿಡಿದು ಇವತ್ತೇ ವಕೀಲರ ಬಳಿ ಹೋಗಿ” ಎಂದು ಸೇರಿಸುತ್ತೇವೆ. ಯಾವ ವಕೀಲರು ಎಂದು ಕೇಳುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ ಎಂದೂ, 15100ಕ್ಕೆ ಫೋನ್ ಮಾಡಬಹುದು ಎಂದೂ ಬರೆಯುತ್ತೇವೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರಿಗೆ ಅಲ್ಲಿ ವಕೀಲರ ನೆರವು ಉಚಿತ.

ತಾರೀಖಿನ ವಿಷಯಕ್ಕೆ ಬಂದರೆ, ‘ಈ ಮಾಹಿತಿ ಬದಲಾಗಬಹುದು’ ಎಂಬ ಸಾಲಿನಷ್ಟು ಟೊಳ್ಳಾದದ್ದು ಇನ್ನೊಂದಿಲ್ಲ. ಬದಲಾಗುವುದು ಯಾವುದು? ಠೇವಣಿ ವಿಮೆ 1993ರಿಂದ ಒಂದು ಲಕ್ಷವಿತ್ತು, 2020ರ ಫೆಬ್ರವರಿ 4ರಿಂದ ಐದು ಲಕ್ಷವಾಯಿತು. ಬ್ಯಾಂಕು ಬಡ್ಡಿಯ ಮೇಲೆ ಟಿಡಿಎಸ್ ಹಿಡಿಯುವ ಮಿತಿ 2025ರ ಏಪ್ರಿಲ್‌ನಲ್ಲಿ 40,000ದಿಂದ 50,000ಕ್ಕೆ, ಹಿರಿಯ ನಾಗರಿಕರಿಗೆ 50,000ದಿಂದ 1,00,000ಕ್ಕೆ ಏರಿತು. ಆದರೆ ಶಾಖೆಗಳನ್ನು ಒಟ್ಟು ಸೇರಿಸಿ ಎಣಿಸುವ ಕ್ರಮ ಅಷ್ಟು ಸುಲಭವಾಗಿ ಬದಲಾಗುವಂಥದ್ದಲ್ಲ. ಹೀಗಾಗಿ ಬರಹದ ತಲೆಯಲ್ಲೇ ‘ಸರಿನೋಡಿದ ದಿನ’ ಎಂದು ತಾರೀಖು ಹಾಕಿ, ಅದರ ಪಕ್ಕ ‘ಮತ್ತೆ ನೋಡಬೇಕಾದ ಅಂಕಿ: ವಿಮೆಯ ಮಿತಿ, ಟಿಡಿಎಸ್ ಮಿತಿ’ ಎಂದು ಹೆಸರಿಸುತ್ತೇವೆ. ಬಜೆಟ್ ಆದ ವಾರ ನಾವು ತೆರೆದು ನೋಡಬೇಕಾದ ಬರಹ ಯಾವುವು ಎಂಬುದಕ್ಕೂ ಇದೇ ಪಟ್ಟಿ. ಸರಿನೋಡದೆ ತಾರೀಖು ಮಾತ್ರ ಬದಲಿಸುವುದು ಕೆಲವರ ಅಭ್ಯಾಸ. ಅದಕ್ಕಿಂತ ತಾರೀಖಿಲ್ಲದ ಬರಹವೇ ವಾಸಿ.

ತೆರಿಗೆಯಲ್ಲಿ ಈ ಸಮಸ್ಯೆ ಇನ್ನೂ ಗಟ್ಟಿ. ‘ಕೃಷಿ ಆದಾಯಕ್ಕೆ ತೆರಿಗೆ ಇಲ್ಲ’ ಎಂಬ ವಾಕ್ಯ ಕಾಫಿ ಸೀಮೆಯಲ್ಲಿ ಅರ್ಧ ಮಾತ್ರ ನಿಜ. ಕಾಫಿ ಹಣ್ಣನ್ನೋ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟನ್ನೋ ಹಾಗೇ ಮಾರಿದವರಿಗೆ ಅದು ಸರಿ. ತಾವೇ ಬೆಳೆದು, ಹೊಟ್ಟು ತೆಗೆಸುವ ಕ್ಯೂರಿಂಗ್ ಮಾಡಿಸಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದ ಶೇ 25 ವ್ಯವಹಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಹೋಂಸ್ಟೇಯಲ್ಲಿ ತಮ್ಮದೇ ಪುಡಿ ಪ್ಯಾಕೆಟ್ ಮಾರುವವರು ಈಗ ಬಹಳ ಜನ, ಆದ್ದರಿಂದ ಮಿತಿಯನ್ನು ವಾಕ್ಯದೊಳಗೇ ಹೇಳಲೇಬೇಕು. ಅದಕ್ಕೆ ಮೇಲಾಗಿ 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿವೆ. ಹಳೆಯ ಬರಹದಲ್ಲಿ ಕಲಮಿನ ಸಂಖ್ಯೆ ಇದ್ದರೆ ‘ಈ ಸಂಖ್ಯೆ 1961ರ ಕಾಯ್ದೆಯದು, ಇಂಥ ವರ್ಷದ ಆದಾಯಕ್ಕೆ ಅನ್ವಯ’ ಎಂದು ಅಲ್ಲೇ ಬರೆಯದಿದ್ದರೆ, ಆಡಿಟರ್ ಮುಂದೆ ಓದುಗರು ತಪ್ಪು ಕಲಮು ಹಿಡಿದು ಕೂರುತ್ತಾರೆ.

ಯಾರು ಬರೆದರು, ಯಾರ ದುಡ್ಡಿನಿಂದ ಎಂಬುದೂ ಎಚ್ಚರಿಕೆಯ ಭಾಗವೇ. ‘ಬರೆದವರು ವೈದ್ಯರಲ್ಲ. ಇಂಥ ತಾರೀಖಿನಂದು ಎಂಬಿಬಿಎಸ್ ವೈದ್ಯರೊಬ್ಬರು ಔಷಧದ ಪ್ಯಾರಾಗಳನ್ನು ಮಾತ್ರ ನೋಡಿದ್ದಾರೆ’ ಎಂದು ಎಷ್ಟು ನಿಜವೋ ಅಷ್ಟೇ ಬರೆಯುತ್ತೇವೆ. ‘ತಜ್ಞರಿಂದ ಪರಿಶೀಲಿಸಲ್ಪಟ್ಟಿದೆ’ ಎಂದರೆ ಪೂರ್ತಿ ಬರಹಕ್ಕೆ ಮುದ್ರೆ ಒತ್ತಿದಂತಾಗುತ್ತದೆ. ಖಾತೆ ತೆರೆಯುವ ಕೊಂಡಿಯಿಂದ ಕಮಿಷನ್ ಬರುತ್ತಿದ್ದರೆ ಆ ಕೊಂಡಿಯ ಮೇಲಿನ ಸಾಲಿನಲ್ಲೇ ಹೇಳುತ್ತೇವೆ, ಕೆಳಗಲ್ಲ. ಇನ್ನು ಷೇರಿನ ವಿಷಯ: ‘ಶಿಕ್ಷಣದ ಉದ್ದೇಶಕ್ಕಾಗಿ ಮಾತ್ರ’ ಎಂದು ಬರೆದು ಇಂಥ ಷೇರು ಇಷ್ಟಕ್ಕೆ ಕೊಳ್ಳಿ ಎಂದರೆ, ಸೆಬಿ ನೋಡುವುದು ಕೊಟ್ಟ ಸಲಹೆಯನ್ನು, ಮೇಲಿನ ಹಣೆಪಟ್ಟಿಯನ್ನಲ್ಲ. ಶುಲ್ಕ ಪಡೆದು ಹೂಡಿಕೆ ಸಲಹೆ ಕೊಡಲು 2013ರ ನಿಯಮಾವಳಿಯಂತೆ ನೋಂದಣಿ ಬೇಕು. ನಮಗದಿಲ್ಲ, ಆದ್ದರಿಂದ ಷೇರಿನ ಹೆಸರೇ ಬರೆಯುವುದಿಲ್ಲ. ಇದು ಎಚ್ಚರಿಕೆಯಿಂದ ಬಗೆಹರಿಯುವ ವಿಷಯವಲ್ಲ.

ಇಷ್ಟಾದ ಮೇಲೆ ಪರೀಕ್ಷೆ. ಮೊದಲನೆಯದು ಸ್ಕ್ರೀನ್‌ಶಾಟಿನದು: ಪ್ರತಿ ಪ್ಯಾರಾವನ್ನು ಬೇರೆಯಾಗಿ ತೆಗೆದು, ಹಿಂದುಮುಂದು ಇಲ್ಲದೆ ಅದೊಂದೇ ಓದಿದರೆ ತಪ್ಪು ಅರ್ಥ ಬರುತ್ತದೆಯೇ ಎಂದು ನೋಡುತ್ತೇವೆ. ಎರಡನೆಯದಕ್ಕೆ ಆ ವಿಷಯ ಗೊತ್ತಿಲ್ಲದ ಐದು ಜನ ಬೇಕು, ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರು. ಬರಹ ಓದಲು ಕೊಟ್ಟು, ಫೋನು ಕೆಳಗಿಡಿಸಿ, ‘ಅರ್ಥವಾಯಿತೇ’ ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ನಮ್ಮ ಕಡೆ ಎಲ್ಲರೂ ಮರ್ಯಾದೆಗಾದರೂ ‘ಹೂಂ’ ಅನ್ನುತ್ತಾರೆ. ಬದಲಿಗೆ “ನಿಮ್ಮ ಅಣ್ಣ ಸೌಹಾರ್ದದಲ್ಲಿ ಮೂರು ಲಕ್ಷ ಇಟ್ಟಿದ್ದಾರೆ ಅಂದ್ಕೊಳ್ಳಿ, ಅದಕ್ಕೆ ವಿಮೆ ಇದೆಯಾ?” ಎಂದು ಕೇಳುತ್ತೇವೆ. ಜ್ವರದ ಬರಹಕ್ಕೆ “ನಾಲ್ಕನೇ ದಿನ ಜ್ವರ ಬಿಟ್ಟಿತು, ಹೊಟ್ಟೆ ನೋಯ್ತಿದೆ, ಏನು ಮಾಡ್ತೀರಿ?” ಐವರಲ್ಲಿ ಒಬ್ಬರು ತಪ್ಪು ಹೇಳಿದರೂ ಆ ವಾಕ್ಯ ಮತ್ತೆ ಬರೆಯಬೇಕು. ತಪ್ಪು ಬಂದಾಗ ಎಚ್ಚರಿಕೆಯನ್ನು ದಪ್ಪಕ್ಷರ ಮಾಡುವುದು, ಕೆಂಪು ಬಣ್ಣ ಬಳಿಯುವುದು ಸುಲಭದ ಉಪಾಯ, ಆದರೆ ಅದರಿಂದ ಉತ್ತರ ಬದಲಾಗುವುದು ಕಡಿಮೆ. ಉತ್ತರ ಬದಲಾಗುವುದು ಸಾಮಾನ್ಯವಾಗಿ ಮೇಲಿನ ಭರವಸೆಯ ಪದವನ್ನು ತೆಗೆದಾಗ, ಅಥವಾ ‘ಕೆಲವು ಸಂಸ್ಥೆಗಳು’ ಎಂದಿದ್ದ ಕಡೆ ‘ಸೌಹಾರ್ದ’ ಎಂದು ಜನ ಬಳಸುವ ಹೆಸರನ್ನೇ ಹಾಕಿದಾಗ.

ಬರಹವನ್ನು ಓದಿ ಧ್ವನಿಯಲ್ಲಿ ಕೊಡುವುದಿದ್ದರೆ ಮಿತಿಯ ಸಾಲನ್ನೂ ಅದೇ ವೇಗದಲ್ಲಿ ಓದಬೇಕು. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯ ಸಾಲನ್ನು ಒಂದೇ ಉಸಿರಿಗೆ ಓಡಿಸುವುದನ್ನು ಕೇಳಿ ಕೇಳಿ, ವೇಗವಾಗಿ ಓದಿದ್ದೆಲ್ಲ ನಮಗಲ್ಲ ಎಂದು ಕಿವಿಗೆ ಅಭ್ಯಾಸವಾಗಿಬಿಟ್ಟಿದೆ.

ಪುಟದ ಕೆಳತುದಿಯ ಚೌಕವನ್ನು ನಾವು ಪೂರ್ತಿ ತೆಗೆದಿಲ್ಲ. ತಾಣ ನಡೆಸುವವರು ಯಾರು, ತಪ್ಪು ಕಂಡರೆ ಯಾವ ವಿಳಾಸಕ್ಕೆ ತಿಳಿಸಬೇಕು, ತಿದ್ದಿದ್ದನ್ನು ಎಲ್ಲಿ ಪ್ರಕಟಿಸುತ್ತೇವೆ ಎಂಬ ಮೂರು ಸಾಲು ಅಲ್ಲಿವೆ. ಅಂಕಿ ತಪ್ಪಿದ್ದು ಗೊತ್ತಾದರೆ ಸದ್ದಿಲ್ಲದೆ ತಿದ್ದುವುದಿಲ್ಲ. ಮೊದಲು ಏನಿತ್ತು, ಈಗ ಏನಾಗಿದೆ, ಎಂದಿನಿಂದ ಎಂದು ಬರಹದ ತಲೆಯಲ್ಲಿ ಒಂದು ಸಾಲು ನಿಲ್ಲಿಸುತ್ತೇವೆ, ಏಕೆಂದರೆ ಹಳೆಯ ಸ್ಕ್ರೀನ್‌ಶಾಟ್ ಇನ್ನೂ ಯಾರದೋ ಫೋನಿನಲ್ಲಿ ಓಡಾಡುತ್ತಿರುತ್ತದೆ.